ಮಂಗಳಯಾನದ ಕಾಲಗಣನೆ

ಮಂಗಳಯಾನದ ಚರಿತ್ರೆಯನ್ನು ಹೇಳುವವರೆಲ್ಲರೂ 2013ನೆಯ ನವೆಂಬರ್ 5ನೆಯ ತಾರೀಖನ್ನು ಮೊದಲು ಹೇಳುವರು. ಆ ದಿನ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ ನೌಕೆಯು ಶ್ರೀಹರಿಕೋಟೆಯಿಂದ ಮೇಲೆದ್ದುದು ನಿಜ. ಆದರೆ ಕಾರ್ಯವನ್ನು ನಡೆಸಿದವರ ಲೆಕ್ಕದಲ್ಲಿ ಅದು ಮುಖ್ಯವಾದ ದಿನವಾಗಿರಲಿಲ್ಲ. ಮುಖ್ಯವಾದುವು ಬೇರೆ ಎರಡು: ಭೂಮಿಯನ್ನು ಬಿಡಬೇಕಾದ ಡಿಸೆಂಬರ್ 1ರ ನಡುರಾತ್ರಿ, ಮಂಗಳನನ್ನು ಸೇರಬೇಕಾದ 2014ನೆಯ ಸೆಪ್ಟೆಂಬರ್ 24ರ ಬೆಳಗು. ಉಡಾವಣೆಯ ದಿನವು ಇವುಗಳಿಂದ ಹಿಂದಕ್ಕೆ ಎಣಿಸಿ ಪಡೆದ ದಿನ; ಆದುದರಿಂದಲೇ ಅದನ್ನು ಜರುಗಿಸಲು ಸಾಧ್ಯವಾಯಿತು. ಈ ಹಿಮ್ಮುಖ ಗಣನೆ ಹೇಗೆ ನಡೆಯಿತು, ಮಧ್ಯದಲ್ಲಿ ಕೆಟ್ಟಾಗ ಹೇಗೆ ಉಳಿಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಕಾರ್ಯದ ಬಹುಭಾಗವನ್ನು ನಮ್ಮ ಬೆಂಗಳೂರಿನ ಪಶ್ಚಿಮ ಭಾಗದಿಂದಲೇ ನಡೆಸಿದರು. ನೌಕೆಯ ನಿಯಂತ್ರಣಾಲಯವಿದ್ದುದು ರಾಜಾಜಿನಗರದ ವಾಯವ್ಯಕ್ಕೆ, ಪೀಣ್ಯದಲ್ಲಿ. ಅದರ ಕಿವಿಯೂ ಬಾಯಿಯೂ ಆದ 32 ಮೀಟರ್ ವ್ಯಾಸದ ಆಂಟೆನಾ ಇರುವುದು ಕೆಂಗೇರಿಯಿಂದ ಪಶ್ಚಿಮಕ್ಕೆ ಬ್ಯಾಲಾಳುವಿನಲ್ಲಿ. ಸುತ್ತ ತಗ್ಗಾದ ಗುಡ್ಡಗಳಿದ್ದು ನೆಲವು ಬೋಗುಣಿಯಂತಿರುವುದರಿಂದ ನಗರದ ರೇಡಿಯೋ ಗದ್ದಲವು ಅಲ್ಲಿಗೆ ಕಡಮೆ. ಚಂದ್ರಯಾನಕ್ಕಾಗಿ 2008ರಲ್ಲಿ ಸಿದ್ಧವಾದ ಈ ಠಾಣ್ಯವೇ ಮಂಗಳನ ಕಾರ್ಯಕ್ಕೂ ಒದಗಿತು.

ಭೂಮಿಯಿಂದ ಮಂಗಳನಿಗೆ ಅಲ್ಪ ಇಂಧನದಲ್ಲಿ ಹೋಗುವ ದಾರಿಯು ಸುಮಾರು 26 ತಿಂಗಳಿಗೊಮ್ಮೆ ಮಾತ್ರ ತೆರೆಯುವುದು. ಈ ಅವಧಿ ಮೀರಿದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಲೇಬೇಕು. 2009ರಲ್ಲಿ ಹೊರಡಬೇಕಾಗಿದ್ದ ಅಮೆರಿಕದ ಕ್ಯೂರಿಯಾಸಿಟಿಯೂ ರಷ್ಯದ ಫೋಬೋಸ್-ಗ್ರುಂಟ್ ನೌಕೆಯೂ ಸಿದ್ಧವಾಗದೆ 2011ರವರೆಗೆ ನಿಂತುವು. ನಮ್ಮವರಿಗೆ ಕೇಂದ್ರ ಮಂತ್ರಿಮಂಡಲದ ಒಪ್ಪಿಗೆ ದೊರೆತುದು 2012ರ ಆಗಸ್ಟ್‌ನಲ್ಲಿ. ಉಳಿದುದು ಹದಿನೈದು ತಿಂಗಳು. ಲಗ್ನ ನಿಶ್ಚಯವಾದ ಮನೆಯವರು ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಚಪ್ಪರದ ದಿನವನ್ನು ಗೊತ್ತುಮಾಡುವಂತೆ ಇವರೂ ಎಣಿಸಿದರು. ಭೇದವಿಷ್ಟೆ: ಮನೆಯವರು ಪುರೋಹಿತರಲ್ಲಿ ಇನ್ನೊಂದು ಮುಹೂರ್ತವನ್ನು ಕೇಳಬಹುದು.

ಶಕ್ತಿಯುತವಾದ ರಾಕೆಟ್ ಇದ್ದಿದ್ದರೆ ನೌಕೆಯನ್ನು ನೇರವಾಗಿ ಮಂಗಳನ ಕಡೆಗೆ ಎಸೆಯಬಹುದಾಗಿತ್ತು. ಅಮೆರಿಕದವರ ಮೇವನ್ ನೌಕೆಯು ನವೆಂಬರ್ 18ರಂದು ಹೊರಟು ನಮ್ಮದಕ್ಕಿಂತ ಎರಡು ದಿನ ಮುಂಚೆಯೇ ಮಂಗಳನನ್ನು ಸೇರಿದುದು ಇದರಿಂದಲೇ. ನಮ್ಮ ಪಿ.ಎಸ್.ಎಲ್.ವಿ.ಗೆ ಆ ಬಲವಿಲ್ಲ. ಅದು ನೌಕೆಯನ್ನು ಭೂಮಿಯ ಸುತ್ತ ಒಂದು ನೀಳವಾದ ಕಕ್ಷೆಯಲ್ಲಿ ಮಾತ್ರ ಬಿಡಬಲ್ಲುದು. ಅನಂತರ ನೌಕೆಯು ಭೂಮಿಗೆ ಅತಿ ಸಮೀಪವಾದ ಬಿಂದುವಿಗೆ ಬಂದಾಗಲೆಲ್ಲ ತನ್ನ ಎಂಜಿನನ್ನು ಉರಿಸಿ, ಕಕ್ಷೆಯ ದೂರದ ತುದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿಕೊಳ್ಳಬೇಕು. ಮೇಲುನೋಟಕ್ಕೆ ಇದು ಬಡವನ ಉಪಾಯ. ಆದರೆ ಬಲಹೀನತೆಯಿಂದ ಒದಗಿದ ಈ ವಾರಗಳೇ ಮುಂದೆ ಕಾರ್ಯವನ್ನು ಕಾಪಾಡಿದುವು.

ಉಡಾವಣೆಗೆ ಅಕ್ಟೋಬರ್ 28ರಿಂದ ನವೆಂಬರ್ 19ರವರೆಗೆ ಅವಕಾಶವಿದ್ದಿತು. ಯಾವ ದಿನ ಹೊರಟರೂ ಭೂಮಿಯನ್ನು ಬಿಡುವ ಹೊತ್ತು ಬದಲಾಗತಕ್ಕುದಲ್ಲ. ನಡುವಣ ದಿನಗಳು ಮಾತ್ರ ಹೆಚ್ಚು ಕಡಮೆಯಾಗುವುವು. ಮೊದಲು 28ನೆಯ ತಾರೀಖೇ ಗೊತ್ತಾಗಿತ್ತು. ರಾಕೆಟ್ಟಿನ ಕೊನೆಯ ಹಂತವನ್ನು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಗಮನಿಸಲು ಎರಡು ಹಡಗುಗಳನ್ನು ಕಳುಹಿಸಿದ್ದರು. ಅವುಗಳಲ್ಲಿ ‘ನಳಂದಾ’ ಎಂಬುದು ಕೆಟ್ಟ ಹವೆಯಿಂದ ತಡವಾಗಿ ಫಿಜಿಯ ಬಳಿಗೆ ಸೇರಿತು. ಉಡಾವಣೆಯನ್ನು ಎಂಟು ದಿನ ಮುಂದಕ್ಕೆ ಹಾಕಿದರು. ಡಿಸೆಂಬರ್ 1 ಅಲುಗಲಿಲ್ಲ.

ಈಗ ಹಿಂದಿನಿಂದ ಎಣಿಸಿ ನೋಡೋಣ. ಕೊನೆಯ ಏರಿಕೆಯ ತರುವಾಯ ಕಕ್ಷೆಯ ದೂರದ ತುದಿ ಸುಮಾರು 1,93,000 ಕಿಲೋಮೀಟರ್. ಅಂಥ ಕಕ್ಷೆಯಲ್ಲಿ ಒಂದು ಸುತ್ತಿಗೆ ಹೆಚ್ಚುಕಡಮೆ ಮೂರೂಮುಕ್ಕಾಲು ದಿನ ಬೇಕು. ಸಮೀಪಬಿಂದುವಿನಲ್ಲಿರುವಾಗಲೇ ಎಂಜಿನನ್ನು ಉರಿಸಬೇಕಾದುದರಿಂದ, ಡಿಸೆಂಬರ್ 1ರ ನಡುರಾತ್ರಿ 12 ಗಂಟೆ 49 ನಿಮಿಷಕ್ಕೆ ನೌಕೆಯು ಆ ಬಿಂದುವಿನ ಬಳಿಯಲ್ಲಿಯೇ ಇರತಕ್ಕದ್ದು. ನಾಲ್ಕು ಸುತ್ತು ಹಿಂದಕ್ಕೆ ಹೋದರೆ ಹದಿನೈದು ದಿನ. ಬರುವುದು ನವೆಂಬರ್ 16. ಕೊನೆಯ ಏರಿಕೆ ನಡೆದುದೂ ಅಂದೇ. ಇಲ್ಲಿ ದಿನಗಳನ್ನು ಬಿಡಿಬಿಡಿಯಾಗಿ ಕೂಡಿಸಲು ಕಳೆಯಲು ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಒಂದು ಸುತ್ತು ತಪ್ಪಿದರೆ ಮೂರೂಮುಕ್ಕಾಲು ದಿನವೇ ತಪ್ಪಿದಂತೆ.

ಮೊದಲ ಮೂರು ಏರಿಕೆಗಳು ನವೆಂಬರ್ 7, 8, 9ರಂದು ಸರಿಯಾಗಿ ನಡೆದು ದೂರದ ತುದಿ 71,000 ಕಿಲೋಮೀಟರನ್ನು ಮೀರಿತು. 11ರ ನಸುಕಿನಲ್ಲಿ ಅದನ್ನು ಒಂದು ಲಕ್ಷಕ್ಕೆ ಏರಿಸಬೇಕಾಗಿತ್ತು. ಇಂಧನದ ಕವಾಟಕ್ಕೆ ಎರಡು ವಿದ್ಯುತ್ ಸುರುಳಿಗಳಿದ್ದುವು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಪರೀಕ್ಷೆಗಾಗಿ ಎರಡನ್ನೂ ಒಟ್ಟಿಗೆ ಚಾಲನೆಗೊಳಿಸಿದಾಗ ಇಂಧನದ ಹರಿವೇ ನಿಂತುಹೋಯಿತು. ಸೆಕೆಂಡಿಗೆ 130 ಮೀಟರ್ ವೇಗ ಹೆಚ್ಚಬೇಕಾದಲ್ಲಿ 35 ಮೀಟರ್ ಮಾತ್ರ ಹೆಚ್ಚಿ, ತುದಿ 78,276 ಕಿಲೋಮೀಟರಿಗೆ ನಿಂತಿತು. ಆಪತ್ತಿಗೆಂದು ಇಟ್ಟುದೇ ಆಪತ್ತನ್ನು ತಂದುದು ವಿಚಿತ್ರವಾದರೂ, ಈ ದೋಷವು ಭೂಮಿಯ ಬಳಿಯಲ್ಲಿಯೇ ತಿಳಿದುಬಂದುದು ದೊಡ್ಡ ಉಪಕಾರ.

ನಾಲ್ಕನೆಯ ಏರಿಕೆಗೂ ಐದನೆಯದಕ್ಕೂ ಮಧ್ಯೆ ಐದು ದಿನಗಳ ಬಿಡುವಿದ್ದಿತು. ಕುಂಠಿತವಾದ ಕಕ್ಷೆಯಲ್ಲಿ ಒಂದು ಸುತ್ತಿಗೆ 27 ಗಂಟೆ. ಅಷ್ಟು ಹೊತ್ತು ಕಾದು 12ರ ಬೆಳಗಿನ 5 ಗಂಟೆಗೆ ಪೂರಕವಾದ ಏರಿಕೆಯೊಂದನ್ನು ನಡೆಸಿದರು. ಆಗ ತುದಿಯು 1,18,642 ಕಿಲೋಮೀಟರಿಗೆ, ಎಂದರೆ ಮೊದಲು ಉದ್ದೇಶಿಸಿದ್ದುದಕ್ಕಿಂತ ಮೇಲಕ್ಕೆ, ಹೋಯಿತು. ಅದೇಕೆ ಹೆಚ್ಚು? ನನಗೆ ತೋರುವುದೇನೆಂದರೆ, ಆ ಎತ್ತರದ ಕಕ್ಷೆಗೆ ಸುತ್ತೊಂದಕ್ಕೆ ಸುಮಾರು 46 ಗಂಟೆ ಹಿಡಿಯುವುದು. ಅಂಥ ಎರಡು ಸುತ್ತು ಮುಗಿಯುವಾಗ 16ನೆಯ ತಾರೀಖಿನ ನಸುಕೇ ಆಗುವುದು. ಒಂದು ಲಕ್ಷದಲ್ಲಿ ನಿಲ್ಲಿಸಿದ್ದರೆ ಎರಡು ಸುತ್ತು ಬೇಗನೆ ಮುಗಿದು ಗಡುವಿನ ಲೆಕ್ಕ ತಪ್ಪುತ್ತಿತ್ತು. ಎತ್ತರವನ್ನು ಗೊತ್ತುಮಾಡಿದುದು ಕಾಲವೇ ಹೊರತು ಹಳೆಯ ಯೋಜನೆಯ ಅಂಕಿಯಲ್ಲ ಎಂಬುದು ನನ್ನ ಊಹೆ. 16ರ ಏರಿಕೆ ಹೇಳಿದ ದಿನವೇ ನಡೆದು, ಡಿಸೆಂಬರ್ 1ರ ನಡುರಾತ್ರಿ 22 ನಿಮಿಷದ ದಹನದಿಂದ ನೌಕೆಯು ಭೂಮಿಯನ್ನು ಬಿಟ್ಟಿತು.

ಮುಂದಿನ ಮುನ್ನೂರು ದಿನಗಳಲ್ಲಿ ಹೇಳತಕ್ಕದ್ದು ಅಲ್ಪ. ದಾರಿ ನೆಟ್ಟಗಿದ್ದುದರಿಂದ 2014ರ ಆಗಸ್ಟ್‌ನ ತಿದ್ದುಪಡಿಯನ್ನು ಕೈಬಿಟ್ಟರು. ಆದರೆ ಇಷ್ಟು ಕಾಲ ನಿದ್ರಿಸಿದ ಮುಖ್ಯ ಎಂಜಿನ್ ಮತ್ತೆ ಉರಿಯುವುದೇ ಎಂಬ ಸಂಶಯವಿದ್ದಿತು. ಸೆಪ್ಟೆಂಬರ್ 22ರಂದು ಅದನ್ನು ನಾಲ್ಕು ಸೆಕೆಂಡು ಉರಿಸಿ ನೋಡಿದರು. ಅದು ಕೈಕೊಟ್ಟಿದ್ದರೆ ಎಂಟು ಸಣ್ಣ ಎಂಜಿನುಗಳಿಂದ ಸಾಗಿಸುವ ಇನ್ನೊಂದು ಕ್ರಮವೂ ಸಿದ್ಧವಾಗಿದ್ದಿತು. ರೇಡಿಯೋ ಸಂಕೇತ ಅಷ್ಟು ದೂರ ಮುಟ್ಟಲು ಹನ್ನೆರಡೂವರೆ ನಿಮಿಷ ಬೇಕಾದುದರಿಂದ ಆ ಹೊತ್ತಿನಲ್ಲಿ ಆಜ್ಞೆ ಕೊಡುವಂತಿಲ್ಲ. ಎಲ್ಲ ಆಜ್ಞೆಗಳನ್ನೂ ವಾರಕ್ಕೂ ಮುಂಚೆಯೇ ನೌಕೆಗೆ ತುಂಬಿದ್ದರು.

24ರ ಬೆಳಗ್ಗೆ 7 ಗಂಟೆ 17 ನಿಮಿಷಕ್ಕೆ ಎಂಜಿನ್ ಹೊತ್ತಿಕೊಂಡಿತು. ಅದು ಇಲ್ಲಿ ತಿಳಿದುದು 7 ಗಂಟೆ 30ಕ್ಕೆ. ಅಷ್ಟರೊಳಗೆ ನೌಕೆಯು ಮಂಗಳನ ಹಿಂದೆ ಮರೆಯಾಗಿ, ಇಪ್ಪತ್ತನಾಲ್ಕು ನಿಮಿಷಗಳ ದಹನದ ಬಹುಭಾಗವನ್ನು ಯಾರ ದೃಷ್ಟಿಗೂ ಬೀಳದೆ ನಡೆಸುತ್ತಿದ್ದಿತು. ಆ ಹೊತ್ತಿನಲ್ಲಿ ಮಂಗಳನು ನಮ್ಮ ಆಕಾಶದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬ್ಯಾಲಾಳುವಿನ ಆಂಟೆನಾಕ್ಕೆ ಕೇಳಲು ಏನೂ ಇರಲಿಲ್ಲ. ಕೆಲಸ ಮುಗಿದ ಸುದ್ದಿಯು ಆಸ್ಟ್ರೇಲಿಯದ ಕ್ಯಾನ್‌ಬೆರಾ ಠಾಣ್ಯದ ಮೂಲಕ ಪೀಣ್ಯಕ್ಕೆ ಬಂದಿತು.