ಸರ್ಕಾರಿ ಕೆಲಸ ಬಿಟ್ಟು ಕಂಪನಿಗೆ ಹೋಗೋ ಮುಂಚೆ ಈ ಲೆಕ್ಕ ಹಾಕಿ ನೋಡಿ

'ವರ್ಷಕ್ಕೆ 7.2 ಲಕ್ಷ ಪ್ಯಾಕೇಜ್' ಅಂತ ಕಂಪನಿಯವರು ಹೇಳಿದ ಕೂಡಲೇ ತಿಂಗಳಿಗೆ 60 ಸಾವಿರ ಕೈಗೆ ಬರುತ್ತೆ ಅಂದ್ಕೊಳ್ಳೋರು ಜಾಸ್ತಿ. ಹಾಗೆ ಬರಲ್ಲ. ತಾಲೂಕು ಮಟ್ಟದ ಕಚೇರಿಯ ಒಬ್ಬ ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಲೆಕ್ಕವನ್ನೇ ಉದಾಹರಣೆಯಾಗಿ ಇಟ್ಕೊಂಡು ನೋಡೋಣ.

ಸರ್ಕಾರದ ಸಂಬಳ ಎಷ್ಟು?

ಏಳನೇ ವೇತನ ಆಯೋಗದ ನಂತರ ಎಫ್‌ಡಿಎ ವೇತನ ಶ್ರೇಣಿ 44,425–83,700 ರೂ. ಇದರರ್ಥ ಇಷ್ಟೇ: ಸೇರುವಾಗ ಮೂಲ ವೇತನ 44,425 ರೂ., ವರ್ಷಕ್ಕೊಂದು ಇನ್‌ಕ್ರಿಮೆಂಟ್ ಸೇರುತ್ತಾ ಅದೇ ಹುದ್ದೆಯಲ್ಲಿ 83,700ರ ತನಕ ಹೋಗಬಹುದು.

ಆರಂಭದ ಮೂಲ ವೇತನಕ್ಕೆ 2025ರ ಜನವರಿಯ ದರದಂತೆ ಶೇ. 12.25 ತುಟ್ಟಿಭತ್ಯೆ ಹಾಕಿದರೆ 5,442 ರೂ. ಸಣ್ಣ ಊರಿನ ಮನೆ ಬಾಡಿಗೆ ಭತ್ಯೆ ಶೇ. 7.5 ಅಂದ್ರೆ 3,332 ರೂ. ಒಟ್ಟು 53,199 ರೂ. ಇದರಲ್ಲಿ ಎನ್‌ಪಿಎಸ್‌ಗೆ ಶೇ. 10 (4,987 ರೂ.) ಮತ್ತು ವೃತ್ತಿ ತೆರಿಗೆ 200 ರೂ. ಹೋದರೆ ಸುಮಾರು 48,000 ಉಳಿಯುತ್ತೆ. ಕೆಜಿಐಡಿ ವಿಮೆ ಕಡಿತ ಇದರ ಮೇಲೆ ಬೇರೆ.

ಎಲ್ಲರೂ ಮರೆಯೋದು ಒಂದಿದೆ. ಸರ್ಕಾರ ತನ್ನ ಕಡೆಯಿಂದ ಎನ್‌ಪಿಎಸ್‌ಗೆ ಶೇ. 14 ಹಾಕುತ್ತೆ. ಅದು ತಿಂಗಳಿಗೆ 6,981 ರೂ. ಸಂಬಳದ ಜೊತೆ ಅದನ್ನೂ ಕೂಡಿಸಿದರೆ 60,180 ರೂ., ವರ್ಷಕ್ಕೆ 7.22 ಲಕ್ಷ. ಅಂದ್ರೆ ಕಂಪನಿ ಭಾಷೆಯಲ್ಲಿ 2025ರ ಜನವರಿಯ ದರದಲ್ಲಿ ಇವರ ಸಿಟಿಸಿಯೇ 7.22 ಲಕ್ಷ!

ಕಂಪನಿಯ 7.2 ಲಕ್ಷ ಎಲ್ಲಿ ಹೋಗುತ್ತೆ?

ಸಿಟಿಸಿ ಅಂದ್ರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಪೂರ್ತಿ ಖರ್ಚು. ಮಾಲಿನ ರೇಟಿಗೆ ಲಾರಿ ಬಾಡಿಗೆ, ಹಮಾಲಿ ಎಲ್ಲಾ ಸೇರಿಸಿದ ಹಾಗೆ.

7.2 ಲಕ್ಷದಲ್ಲಿ ಶೇ. 10 'ವೇರಿಯಬಲ್ ಪೇ' ಅಂತ ಇಟ್ಟರೆ ತಿಂಗಳಿಗೆ 6,000 ರೂ. ತಡೆದಂತೆ. ವರ್ಷದ ಕೊನೆಗೆ ಕೆಲಸ ನೋಡಿ ಕೊಡ್ತಾರೆ, ಪೂರ್ತಿ ಕೊಡ್ತಾರೆ ಅನ್ನೋ ಖಾತ್ರಿ ಇಲ್ಲ. ಬೇಸಿಕ್ 30,000 ಇದ್ದರೆ ಕಂಪನಿ ಪಾಲಿನ ಪಿಎಫ್ 3,600, ಗ್ರಾಚ್ಯುಟಿ 1,443. ಉಳಿದ 48,957ರಲ್ಲಿ ನಿಮ್ಮ ಪಾಲಿನ ಪಿಎಫ್ 3,600, ವೃತ್ತಿ ತೆರಿಗೆ 200 ಹೋಗಿ ಬ್ಯಾಂಕಿಗೆ ಬರೋದು 45,157 ರೂ. ಊರಿನ ಮನೆ ಬಿಟ್ಟು ಬೆಂಗಳೂರಲ್ಲಿ ಬಾಡಿಗೆ ಕಟ್ಟೋದೂ ಇದರಲ್ಲೇ. ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ಪೂರೈಸಿದವರಿಗಷ್ಟೇ.

ಹಾಗಾಗಿ ಎಚ್‌ಆರ್‌ ಅವರನ್ನ ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ. 'ವೇರಿಯಬಲ್ ಬಿಟ್ಟು ಪ್ರತಿ ತಿಂಗಳು ಬ್ಯಾಂಕಿಗೆ ಎಷ್ಟು?' ಅಂತ ಕೇಳಿ, ಸಂಬಳದ ವಿವರಪಟ್ಟಿ ಬರವಣಿಗೆಯಲ್ಲಿ ತಗೊಳ್ಳಿ. ತುಟ್ಟಿಭತ್ಯೆ ಏರಿಕೆ ಅಲ್ಲಿ ಇರಲ್ಲ, ಇನ್‌ಕ್ರಿಮೆಂಟ್ ಕಂಪನಿಯ ಇಷ್ಟ.

ಹುದ್ದೆ, ಕೆಲಸ ಹೇಗೆ ಹೇಳೋದು?

'ಎಫ್‌ಡಿಎ, ಲೆಕ್ಕಶಾಖೆ' ಅಂತ ಬರೆದರೆ ಖಾಸಗಿಯವರಿಗೆ ಏನೂ ಗೊತ್ತಾಗಲ್ಲ. ಹುದ್ದೆ ಹೆಸರನ್ನ ಇದ್ದ ಹಾಗೇ ಇಟ್ಟು, ಕೆಳಗೆ ಮಾಡಿದ ಕೆಲಸ ಬಿಡಿಸಿ ಬರೀರಿ.

ಎಚ್‌ಆರ್‌ಎಂಎಸ್‌ನಲ್ಲಿ ವೇತನ ಬಿಲ್ ಮಾಡಿದ್ದೀರಾ? ಅದು 'ಪೇರೋಲ್'. ಎಷ್ಟು ನೌಕರರದ್ದು ಅಂತ ಸಂಖ್ಯೆ ಹಾಕಿ. ಖಜಾನೆ-2ರಲ್ಲಿ ಬಿಲ್ ಸಲ್ಲಿಸಿದ್ದು 'ವೆಂಡರ್ ಪೇಮೆಂಟ್'. ಸಂಬಳದ ಟಿಡಿಎಸ್‌ಗೆ ಫಾರ್ಮ್ 24ಕ್ಯೂ ಸಲ್ಲಿಸಿದ್ದರೆ ಅದನ್ನ ಹಾಗೇ ಬರೀರಿ, ಕಂಪನಿಯವರೂ ಸಲ್ಲಿಸೋದು ಇಂಥದ್ದೇ ರಿಟರ್ನ್. ಎಜಿ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಟ್ಟಿದ್ದು 'ಆಡಿಟ್ ಕಂಪ್ಲಯನ್ಸ್'. ಟಪಾಲು ನೋಡಿಕೊಂಡಿದ್ದನ್ನ ಒಂದೇ ಸಾಲಲ್ಲಿ ಮುಗಿಸಿ.

ಈ ಅನುಭವಕ್ಕೆ ಹೊಂದೋದು 'ಅಕೌಂಟ್ಸ್ ಎಕ್ಸಿಕ್ಯೂಟಿವ್' ಅಥವಾ 'ಪೇರೋಲ್ ಎಕ್ಸಿಕ್ಯೂಟಿವ್' ಹುದ್ದೆ. ಕೈಕೆಳಗೆ ಯಾರೂ ಇಲ್ಲದೆ 'ಮ್ಯಾನೇಜರ್' ಅಂತ ಬರೆದುಕೊಂಡರೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳ್ತೀರಿ. ಟ್ಯಾಲಿ, ಜಿಎಸ್‌ಟಿ ಮಾರಾಟ ರಿಟರ್ನ್ ಗೊತ್ತಿಲ್ಲದಿದ್ದರೆ ಮೊದಲೇ ಕಲಿತು ಹೋಗಿ. ಇಲಾಖೆಯಲ್ಲಿ ಅದರ ಕೆಲಸ ಇರಲ್ಲ, ಸಂದರ್ಶನದಲ್ಲಿ ಮೊದಲು ಕೇಳೋದೇ ಅದು.

ರಾಜೀನಾಮೆ ಕೊಡೋ ಮುಂಚೆ

ರಾಜೀನಾಮೆ ಪತ್ರ ಕೊಟ್ಟ ಮಾತ್ರಕ್ಕೆ ಬಿಡುಗಡೆ ಆಗಲ್ಲ. ಅದು ಅಂಗೀಕಾರ ಆಗಿ ಬಿಡುಗಡೆ ಆದೇಶ ಬರಬೇಕು. ವಿಚಾರಣೆ ಅಥವಾ ಬಾಕಿ ಇದ್ದರೆ ಇನ್ನೂ ತಡ. ಕಂಪನಿಯವರು ಒಂದು ತಿಂಗಳಲ್ಲಿ ಸೇರಿ ಅಂದ್ರೆ ಈ ವಿಷಯ ಹೇಳಿ ಹೆಚ್ಚು ಸಮಯ ಕೇಳಿ. ಆದೇಶ ಕೈಗೆ ಬರದೆ ಅಲ್ಲಿ ಸೇರಬೇಡಿ.

ಎನ್‌ಪಿಎಸ್‌ನವರು ಗಾಬರಿ ಆಗಬೇಕಿಲ್ಲ. ಪ್ರಾನ್ ಸಂಖ್ಯೆ ಅದೇ ಇರುತ್ತೆ, ಖಾತೆ ಮುಂದುವರಿಸಬಹುದು. ಆದರೆ 1-4-2006ಕ್ಕಿಂತ ಮೊದಲು ಸೇರಿ ಹಳೆ ಪಿಂಚಣಿಯಲ್ಲಿ ಇರೋರು ಹುಷಾರಾಗಿರಿ. ಸ್ವಂತ ಇಷ್ಟದಿಂದ ರಾಜೀನಾಮೆ ಕೊಟ್ಟು ಹೊರಬಂದರೆ ಹಿಂದಿನ ಸೇವೆ ಹೋಗುತ್ತೆ, ಅದರ ಜೊತೆ ಪಿಂಚಣಿಯೂ ಹೋಗುತ್ತೆ. ಅಂಥವರು ನೋಡಬೇಕಾದ್ದು ಸ್ವಯಂ ನಿವೃತ್ತಿ. ಅರ್ಜಿಯಲ್ಲಿ ಈ ಎರಡರಲ್ಲಿ ಯಾವ ಪದ ಬರೀತೀರಿ ಅನ್ನೋದರ ಮೇಲೆ ಜೀವನಪೂರ್ತಿಯ ದುಡ್ಡು ನಿಂತಿದೆ. ಸೇವಾ ಪುಸ್ತಕ ತೆಗೆಸಿ, ಆಡಳಿತ ಶಾಖೆಯವರ ಹತ್ತಿರ ಕೇಳಿ, ಆಮೇಲೆ ಸಹಿ ಹಾಕಿ.