ಮಣ್ಣಿನ ತೇವಮಾಪಕ ಮತ್ತು ಸ್ವಯಂಚಾಲಿತ ನೀರಾವರಿ

ಬೇರುಗಳಿರುವ ಆಳದ ಮಣ್ಣಿನ ತೇವವನ್ನು ಅಳೆದು, ಹನಿ ನೀರಾವರಿಯ ವಾಲ್ವನ್ನು ತಾನೇ ತೆರೆದು ಮುಚ್ಚುವ ಅಗ್ಗದ ವ್ಯವಸ್ಥೆ. ಆರ್ಡುಯಿನೊ ಬೋರ್ಡ್, ತೇವದ ಸೆನ್ಸರ್, ರಿಲೇ ಮತ್ತು 12 ವೋಲ್ಟ್ ಸೊಲೆನಾಯ್ಡ್ ವಾಲ್ವ್ ಇದ್ದರೆ ಸಾಕು. ಎರಡು ಲೋಹದ ಕಡ್ಡಿಗಳ ಸೆನ್ಸರ್ ಇನ್ನೂ ಅಗ್ಗ, ಆದರೆ ವಿದ್ಯುತ್ ಹರಿದಂತೆ ಕಡ್ಡಿ ಸವೆಯುವುದರಿಂದ ಹೊಲಕ್ಕೆ ತಕ್ಕುದಲ್ಲ; ಕೆಪಾಸಿಟಿವ್ ಬಗೆಯದೇ ಲೇಸು.

ಕೆಪಾಸಿಟಿವ್ ಸೆನ್ಸರಿನಲ್ಲಿ ತೇವ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. ಅಂಕಿ ನೇರವಾಗಿ ತೇವದ ಶೇಕಡಾವಾರು ಅಲ್ಲ. ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಅದು ಬೇರೆ ಬೇರೆ. ಆದ್ದರಿಂದ ಆಯಾ ಹೊಲದಲ್ಲೇ ಅಳೆಯಬೇಕು: ಚೆನ್ನಾಗಿ ನೀರುಣಿಸಿ, ಹೆಚ್ಚುವರಿ ನೀರು ಬಸಿದ ಮರುದಿನ ಒಮ್ಮೆ, ಎಂದಿನಂತೆ ನೀರು ಕೊಡುವ ಹೊತ್ತಿಗೆ ಇನ್ನೊಮ್ಮೆ. ಮೊದಲನೆಯದು 360, ಎರಡನೆಯದು 470 ಬಂತೆನ್ನಿ. 470 ದಾಟಿದಾಗ ವಾಲ್ವ್ ತೆರೆಯಬೇಕು, 380ಕ್ಕೆ ಇಳಿದಾಗ ಮುಚ್ಚಬೇಕು. ಒಂದೇ ಮಿತಿಯಿಟ್ಟರೆ ರಿಲೇ ಟಕಟಕ ಬಡಿದುಕೊಳ್ಳುತ್ತದೆ.

ಸೆನ್ಸರ್ ಪಟ್ಟಿಯ ಅಂಚಿನಿಂದ ನೀರು ಒಳಸೇರಿದರೆ ಅಂಕಿ ನಿಧಾನವಾಗಿ ಜಾರುತ್ತದೆ. ಅಂಚಿಗೂ ಮೇಲ್ತುದಿಯ ಬಿಡಿಭಾಗಗಳಿಗೂ ಎಪಾಕ್ಸಿ ಬಳಿಯುವುದು ವಾಡಿಕೆ. ಪಟ್ಟಿಗೂ ಮಣ್ಣಿಗೂ ನಡುವೆ ಸಂದು ಬಿದ್ದರೆ, ಸುತ್ತ ಒದ್ದೆಯಿದ್ದರೂ ಒಣಗಿದೆಯೆಂದೇ ಸೆನ್ಸರ್ ತೋರಿಸುವುದರಿಂದ ನೀರು ಹರಿಯುತ್ತಲೇ ಇರುತ್ತದೆ. ಹಾಗಾಗಿ ಪ್ರೋಗ್ರಾಮಿನಲ್ಲಿ ಗರಿಷ್ಠ ಅವಧಿಯೊಂದನ್ನು ಇಡಲೇಬೇಕು. ವಾಲ್ವಿನ ಬದಲು ತ್ರೀ ಫೇಸ್ ಪಂಪನ್ನೇ ನಡೆಸುವುದಾದರೆ ಈ ಪುಟ್ಟ ರಿಲೇ ತಾಳದು. ಅದಕ್ಕೆ ಸ್ಟಾರ್ಟರ್ ಬೇಕು.