‘ಅನ್ನು’ ಧಾತುವಿನ ಹಾದಿ ಮತ್ತು ಧಾರವಾಡದ ‘ಅಂತ’

ಮಲಪ್ರಭಾ ಕಾಲುವೆಯ ಅಂಚಿನ ನವಲಗುಂದದ ಹಳ್ಳಿಗಳಲ್ಲಿ ‘ಕಾಲುವಿಗೆ ನೀರ ಬಿಟ್ಟಾರಂತ’ ಎಂಬ ಮಾತು ಕಟ್ಟೆಯಿಂದ ಕಟ್ಟೆಗೆ ಹೋಗುತ್ತದೆ. ಯಾರು ಹೇಳಿದರು ಎಂಬುದು ಆ ವಾಕ್ಯದಲ್ಲಿ ಇಲ್ಲ. ಹೇಳುವವನು ನೀರನ್ನು ಕಣ್ಣಾರೆ ಕಂಡಿಲ್ಲ ಎಂಬುದು ಮಾತ್ರ ಇದೆ. ಅದನ್ನು ತಿಳಿಸುವುದು ಕೊನೆಯ ಎರಡಕ್ಷರದ ‘ಅಂತ’. ಇದೇ ರೂಪ ‘ನೀರ ಬಿಟ್ಟಾರ ಅಂತ ಅಂವ ಹೇಳಿದ’ ಎಂಬಲ್ಲಿ ಇನ್ನೊಬ್ಬನ ಮಾತನ್ನು ಮುಖ್ಯ ಕ್ರಿಯಾಪದಕ್ಕೆ ಕಟ್ಟುತ್ತದೆ. ಅದನ್ನು ಬಾಯಿಚಟದ ಸೊಲ್ಲು ಎಂದೋ, ‘ಎಂದು’ ಎಂಬುದರ ಹಳ್ಳಿಯ ರೂಪ ಎಂದೋ ಬದಿಗಿಟ್ಟವರು ಕನ್ನಡ ವ್ಯಾಕರಣದ ಒಂದು ದೊಡ್ಡ ಕಥೆಯನ್ನೇ ಕೈಬಿಟ್ಟಿದ್ದಾರೆ.

ಕಥೆಯ ಮೊದಲ ಭಾಗ ಎಲ್ಲರಿಗೂ ಗೊತ್ತಿರುವುದು. ತಿನ್‌ನಿಂದ ‘ತಿಂದು’ ಆದಂತೆ ಎನ್‌ನಿಂದ ‘ಎಂದು’ ಆಗಿದೆ. ಅಣ್ಣಿಗೇರಿಯ ನಂಟಿನ ಪಂಪ ಹತ್ತನೇ ಶತಮಾನದಲ್ಲಿ ಬರೆಯುವ ಹೊತ್ತಿಗಾಗಲೇ ಎಂದು, ಎನೆ, ಎಂಬ ಎಂಬ ರೂಪಗಳು ವಾಕ್ಯ ಕಟ್ಟುವ ಸಾಧನಗಳಾಗಿದ್ದವು. ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳನ್ನು ಹೋಲಿಸಿದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. 1967ರಲ್ಲಿ ಕೈಪರ್, ಸಂಸ್ಕೃತದ ‘ಇತಿ’ ಮಾತಿನ ಕೊನೆಗೆ ಬಂದು ನಿಲ್ಲುವುದರ ಹಿಂದೆ ದ್ರಾವಿಡ ವಾಕ್ಯದ ಪ್ರಭಾವವಿದೆ ಎಂದು ವಾದಿಸಿದರು. ಆ ವಾದದ ಪರ ವಿರೋಧಗಳಲ್ಲಿ ವರ್ಷಗಳು ಕಳೆದವು. ಕನ್ನಡದ ಇಂದಿನ ಮಾತು ಮಾತ್ರ ಉದಾಹರಣೆಯ ಸಾಲಾಗಿಯೇ ಉಳಿಯಿತು.

ನಿಜವಾದ ತಿರುವು ಬಂದದ್ದು ಎಪ್ಪತ್ತರ ದಶಕದಲ್ಲಿ. ಪಶ್ಚಿಮ ಆಫ್ರಿಕಾದ ಎವೆ ಭಾಷೆಯ ‘ಬೆ’ ಹೇಗೆ ‘ಹೇಳು’ ಎಂಬ ಕ್ರಿಯಾಪದದಿಂದ ವಾಕ್ಯ ಜೋಡಿಸುವ ಅವ್ಯಯವಾಯಿತು ಎಂಬುದನ್ನು ಕ್ಯಾರಲ್ ಲಾರ್ಡ್ 1976ರಲ್ಲಿ ತೋರಿಸಿದರು. ಅಂಜು ಸಕ್ಸೇನಾ ಟಿಬೆಟೋ-ಬರ್ಮನ್ ಭಾಷೆಗಳನ್ನು ನೋಡಿ ಈ ಬದಲಾವಣೆಗೆ ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು ಆಡಿದ ಮಾತು, ಆಮೇಲೆ ಅಂದುಕೊಂಡದ್ದು, ಆಮೇಲೆ ಉದ್ದೇಶ ಮತ್ತು ಕಾರಣ, ಹೀಗೆ ಅದು ಮುಂದಕ್ಕೆ ಹೋಗುತ್ತದೆ.

ಧಾರವಾಡದ ಒಕ್ಕಲುತನದ ಮಾತಿನಲ್ಲಿ ಈ ಮೆಟ್ಟಿಲುಗಳು ಒಂದೇ ದಿನದಲ್ಲಿ ಸಿಗುತ್ತವೆ. ‘ಮಳಿ ಬರ್ತೈತಿ ಅಂತ ಅಂವ ಅಂದ’ ಎಂಬಲ್ಲಿ ಬಾಯಿಂದ ಬಂದ ಮಾತಿದೆ. ‘ಮಳಿ ಬರ್ತೈತಿ ಅಂತ ತಿಳಕೊಂಡಿದ್ದೆ’ ಎಂಬಲ್ಲಿ ಯಾರೂ ಬಾಯಿ ತೆರೆದಿಲ್ಲ. ‘ಮಳಿ ಬರ್ತೈತಿ ಅಂತ ಬಣವಿ ಮುಚ್ಚಿದ್ರು’ ಎಂದಾಗ ಅದು ಕಾರಣ. ‘ಹೆಸರ ಬಿತ್ತಬೇಕಂತ ಹೊಲಾ ಹಸನ ಮಾಡ್ಯಾನ’ ಎಂದಾಗ ಉದ್ದೇಶ. ಕೊನೆಗೆ ‘ಬೀಜಕ್ಕಂತ ತಗದಿಟ್ಟ ಜ್ವಾಳ’ ಎಂಬಲ್ಲಿ ಉಲ್ಲೇಖಿಸಲು ಒಂದು ವಾಕ್ಯವೂ ಇಲ್ಲ, ‘ಅಂತ’ ನೇರವಾಗಿ ಚತುರ್ಥಿಯ ಮೇಲೆ ಕೂತಿದೆ. ಹಳೆಯ ಬಳಕೆ ಅಳಿದು ಹೊಸದು ಬಂದಿದೆ ಎಂದಲ್ಲ. ಎಲ್ಲವೂ ಒಟ್ಟಿಗೇ ಬದುಕಿವೆ, ಮೂಲದ ‘ಅನ್ನು’ ಕ್ರಿಯಾಪದವೂ ಸೇರಿ.

ಕನ್ನಡದಲ್ಲಿ ಈ ಬಗೆಯ ಕೆಲಸಕ್ಕೆ ನೆಲ ಹದ ಮಾಡಿದ್ದು ಪುಣೆಯ ಡೆಕ್ಕನ್ ಕಾಲೇಜಿನ ಪರಂಪರೆ. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ಪುಸ್ತಕ 1958ರಲ್ಲಿ ಅಲ್ಲಿಂದಲೇ ಬಂತು. ಆಮೇಲೆ ನಂಜನಗೂಡು ಕನ್ನಡದಂಥ ಒಂದೊಂದು ಉಪಭಾಷೆಗೂ ಒಂದೊಂದು ಪುಸ್ತಕ ಬಂತು. ಕೇಳಿದ್ದನ್ನು ಕೇಳಿದ ಹಾಗೇ ಬರೆಯಬೇಕು ಎಂಬ ಆ ಶಿಸ್ತಿಗೆ ಇಂದಿಗೂ ಬದಲಿ ಇಲ್ಲ. ಅದೇ ನೆಲೆಯಲ್ಲಿ ಬೆಳೆದ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಹಟ ಹಿಡಿದದ್ದು ಈ ವಿಷಯಕ್ಕೂ ದಾರಿ ತೋರಿಸುತ್ತದೆ. ‘ಅಂತ’ವನ್ನು ‘ಇತಿ’ಯ ಅಚ್ಚಿನಲ್ಲಿಟ್ಟು ನೋಡಿದರೆ ‘ಬೀಜಕ್ಕಂತ’ ಕಾಣಿಸುವುದೇ ಇಲ್ಲ. ಶಿಫ್‌ಮನ್ ಮತ್ತು ಎಸ್.ಎನ್. ಶ್ರೀಧರ್ ಅವರ ವ್ಯಾಕರಣಗಳು ಒಳ್ಳೆಯವು, ಆದರೆ ಅವುಗಳ ಕಿವಿ ಹೆಚ್ಚಾಗಿ ದಕ್ಷಿಣದ ಕಡೆಗಿದೆ. ಧಾರವಾಡಕ್ಕೇ ಬಂದ ವಿಲಿಯಂ ಮೆಕಾರ್ಮ್ಯಾಕ್ 1960ರಲ್ಲಿ ಇಲ್ಲಿನ ಜಾತಿವಾರು ಮಾತಿನ ಭೇದಗಳನ್ನು ಬರೆದರು. ಅವರ ಗುರಿ ಬೇರೆಯಾಗಿತ್ತು.

ದಕ್ಷಿಣದ ಕಿವಿಗೆ ತಪ್ಪಿಹೋಗುವ ಸಂಗತಿ ಯಾವುದು? ಮೈಸೂರಿನ ಕಡೆ ‘ಬಿಟ್ಟಿದ್ದಾರೆ ಅಂತ ಹೇಳಿದ’ ಎಂಬುದಕ್ಕೂ ‘ಬಿಟ್ಟಿದ್ದಾರಂತೆ’ ಎಂಬುದಕ್ಕೂ ಸ್ವರದಲ್ಲೇ ವ್ಯತ್ಯಾಸವಿದೆ. ಒಂದು ಅಕಾರಾಂತ, ಇನ್ನೊಂದು ಎಕಾರಾಂತ. ಧಾರವಾಡದಲ್ಲಿ ‘ಬರ್ತಾನೆ’ ಎಂಬುದು ‘ಬರ್ತಾನ’ ಆಗುವಂತೆ ‘ಅಂತೆ’ಯೂ ‘ಅಂತ’ ಆಗಿದೆ. ಹೀಗಾಗಿ ಮಾತು ಕಟ್ಟುವ ‘ಅಂತ’ ಮತ್ತು ಸುದ್ದಿ ಸೂಚಿಸುವ ‘ಅಂತ’ ಒಂದೇ ಉಚ್ಚಾರಕ್ಕೆ ಬಂದಿವೆ. ‘ನೀರ ಬಿಟ್ಟಾರಂತ ಅಂದ’ ಎಂಬ ವಾಕ್ಯಕ್ಕೆ ಆಗ ಎರಡು ಅರ್ಥ. ಅವನು ‘ನೀರ ಬಿಟ್ಟಾರ’ ಎಂದು ಖಚಿತವಾಗಿ ಹೇಳಿರಬಹುದು, ಇಲ್ಲವೇ ತಾನೂ ಇನ್ನೊಬ್ಬರಿಂದ ಕೇಳಿದ್ದನ್ನು ದಾಟಿಸಿರಬಹುದು.

ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಇಲ್ಲಿನ ಮಾತಿನೊಳಗೇ ಇದೆ. ‘ಅಂತ’ ಇದ್ದಲ್ಲಿ ‘ಅಂತೇಳಿ’ ಹಾಕಿ ನೋಡಬೇಕು. ‘ಮಳಿ ಬರ್ತೈತಿ ಅಂತೇಳಿ ಬಣವಿ ಮುಚ್ಚಿದ್ರು’ ಸರಿಯಾಗಿ ಕೂಡುತ್ತದೆ, ಅಂದರೆ ಅದು ಕಟ್ಟುವ ‘ಅಂತ’. ‘ಕಾಲುವಿಗೆ ನೀರ ಬಿಟ್ಟಾರ ಅಂತೇಳಿ’ ಎಂದು ನಿಲ್ಲಿಸಿದರೆ ಕೇಳುವವರು ಮುಂದಿನ ಮಾತಿಗೆ ಕಾಯುತ್ತಾರೆ, ಯಾಕೆಂದರೆ ಸುದ್ದಿಯ ‘ಅಂತ’ಕ್ಕೆ ಆ ಬದಲಿ ಒಪ್ಪುವುದಿಲ್ಲ. ಪ್ರಶ್ನೆಯಲ್ಲೂ ಇದು ತಿಳಿಯುತ್ತದೆ. ‘ಯಾವಾಗ ಬಿಡ್ತಾರಂತ?’ ಎಂದು ಕೇಳಿದವನು ಎದುರಿನವರ ಸ್ವಂತ ಅಭಿಪ್ರಾಯವನ್ನು ಕೇಳುತ್ತಿಲ್ಲ, ಅವರ ಕಿವಿಗೆ ಬಿದ್ದ ಸುದ್ದಿಯನ್ನು ಕೇಳುತ್ತಿದ್ದಾನೆ.

ಆ ‘ಅಂತೇಳಿ’ ಕೂಡ ಗಮನಿಸಬೇಕಾದದ್ದು. ‘ಅನ್ನು’ ಸವೆದು ಅವ್ಯಯವಾದ ಮೇಲೆ ಮಾತು ಮತ್ತೆ ‘ಹೇಳು’ ಧಾತುವನ್ನು ತಂದು ಅದರ ಬೆನ್ನಿಗೆ ಕಟ್ಟಿದೆ. ಬಣವಿ ಮುಚ್ಚಿದವರು ಏನೂ ಹೇಳಿರುವುದಿಲ್ಲ, ಹಾಗಾಗಿ ಈ ‘ಹೇಳಿ’ಯೂ ಅರ್ಥ ಕಳೆದುಕೊಳ್ಳುವ ಹಾದಿಯಲ್ಲಿದೆ. ಹವ್ಯಕ ಕನ್ನಡ ಇನ್ನೂ ಮುಂದೆ ಹೋಗಿ ‘ಅಂತ’ವನ್ನು ಬಿಟ್ಟು, ‘ಬತ್ತೆ ಹೇಳಿ ಹೇಳಿದ’ ಎಂದು ‘ಹೇಳಿ’ಗೇ ಪೂರ್ತಿ ಅಧಿಕಾರ ಕೊಟ್ಟಿದೆ. ಕಲಘಟಗಿಯ ಗಡಿ ದಾಟಿ ಯಲ್ಲಾಪುರದ ಕಡೆ ಹೋದರೆ ಆ ಮಾತು ಕಿವಿಗೆ ಬೀಳುತ್ತದೆ.

ಈಚೆಗೆ ಇನ್ನೊಂದು ವಾದ ಮುನ್ನೆಲೆಗೆ ಬಂದಿದೆ. ಟಾಮ್ ಗ್ಯುಲ್ಡೆಮನ್ 2008ರಲ್ಲಿ ಆಫ್ರಿಕಾದ ಭಾಷೆಗಳನ್ನು ಪರಿಶೀಲಿಸಿ, ಉಲ್ಲೇಖದ ಗುರುತುಗಳೆಲ್ಲ ‘ಹೇಳು’ವಿನಿಂದ ಬಂದವಲ್ಲ, ‘ಹೀಗೆ’, ‘ಹಾಗೆ’ ಎಂಬಂಥ ಮಾತುಗಳಿಂದಲೂ ಬರುತ್ತವೆ ಎಂದರು. ಎಚ್ಚರ ಒಳ್ಳೆಯದೇ. ‘ಇತಿ’ ಅಂಥದ್ದೇ. ಕನ್ನಡದ ಸುದ್ದಿಯ ‘ಅಂತೆ’ಯೂ ‘ಹಾಗೆ’ ಎಂಬ ಅರ್ಥದ ಹಳೆಯ ‘ಅಂತೆ’ಯಿಂದಲೇ ಬಂದಿರಬಹುದು ಎಂದು ವಾದಿಸಬಹುದು. ಆದರೆ ನೆರೆಹೊರೆಯನ್ನು ನೋಡದೆ ಅದನ್ನು ಒಪ್ಪಲಾಗದು. ಮರಾಠಿ ‘ತೋ ಆಲಾ ಮ್ಹಣೇ’ ಎನ್ನುತ್ತದೆ, ಅಲ್ಲಿ ‘ಮ್ಹಣ್’ ಎಂದರೆ ಹೇಳು. ಅದೇ ಧಾತುವಿನ ‘ಮ್ಹಣೂನ್’ ಕಾರಣ ಹೇಳುತ್ತದೆ. ಹುಬ್ಬಳ್ಳಿ ಸೀಮೆಯ ದಖನಿ ಉರ್ದುವಿನಲ್ಲಿ ‘ಬೋಲ್ಕೆ’ ‘ಅಂತ’ದ ಜಾಗದಲ್ಲೇ ಕೂರುತ್ತದೆ. ಸುತ್ತಲಿನ ಭಾಷೆಗಳೆಲ್ಲ ‘ಹೇಳು’ವಿನಿಂದಲೇ ಈ ಕೆಲಸ ಮಾಡಿಸಿಕೊಳ್ಳುವಾಗ, ಧಾರವಾಡದ ‘ಬಿಟ್ಟಾರಂತ’ವನ್ನು ‘ಅನ್ನು’ವಿನಿಂದ ಬಿಡಿಸುವುದಕ್ಕೆ ಬಲವಾದ ಪುರಾವೆ ಬೇಕು.

ಆ ಪುರಾವೆ ಪರವಾಗಿರಲಿ, ವಿರುದ್ಧವಾಗಿರಲಿ, ಸಿಗುವುದು ಬರಹದಲ್ಲಲ್ಲ. ಬರಹ ಎಲ್ಲ ‘ಅಂತ’ಗಳನ್ನೂ ‘ಎಂದು’ ಎಂದೋ ‘ಎನ್ನಲಾಗಿದೆ’ ಎಂದೋ ತಿದ್ದಿಬಿಡುತ್ತದೆ. ಕುಂದಗೋಳದ ಮೆಣಸಿನಕಾಯಿ ಕಣದಲ್ಲಿ, ನವಲಗುಂದದ ಎರಿ ಹೊಲದಲ್ಲಿ, ಅಣ್ಣಿಗೇರಿಯ ಸಂತೆಯಲ್ಲಿ ನಡೆಯುವ ಮಾತನ್ನು ಪ್ರಶ್ನೆ-ಉತ್ತರಗಳ ಸಮೇತ, ರಾಗ ಮತ್ತು ನಿಲುಗಡೆಗಳ ಸಮೇತ ಧ್ವನಿಮುದ್ರಿಸಿ ಬರೆದಿಡಬೇಕು. 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇರುವ ಧಾರವಾಡದಿಂದ ಈ ಹಳ್ಳಿಗಳು ಅರ್ಧ ದಿನದ ಬಸ್ ಹಾದಿಯೂ ಅಲ್ಲ. ಕನ್ನಡ ಎಂ.ಎ. ಓದುತ್ತಿರುವ ಈ ತಾಲ್ಲೂಕುಗಳ ಹುಡುಗ ಹುಡುಗಿಯರು ತಮ್ಮ ಮನೆಯವರ ಮಾತಿನಿಂದಲೇ ಕೆಲಸ ಶುರು ಮಾಡಲಿ.